30 ದಿನದ ಕ್ಲೌಡ್ ಇದ್ದೂ ರೆಕಾರ್ಡಿಂಗ್ ಸಿಗದಿದ್ದಾಗ

ಬದಿಯಡ್ಕದಲ್ಲಿ ನಮ್ಮದು ಜೀನಸಿನ ಅಂಗಡಿ, ನಾಲ್ಕು ಕ್ಯಾಮೆರಾ. 15 ದಿನ ಹಿಂದಿನ ರೆಕಾರ್ಡಿಂಗ್ ಬೇಕಾಯಿತು. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಅದು ಅಳಿದು, ಅದರ ಮೇಲೆ ಹೊಸದು ಬಂದಿತ್ತು. ಕ್ಲೌಡ್‌ನಲ್ಲಿ 30 ದಿನದ ಪ್ಲಾನ್, ಆದರೆ ನಡುನಡುವೆ ಗಂಟೆಗಟ್ಟಲೆ ಖಾಲಿ. ಮೇಲಾಗಿ ಸಂಜೆ ಹೊತ್ತು ಯುಪಿಐ ಪೇಮೆಂಟ್ ಸುತ್ತುತ್ತಲೇ ಇರುತ್ತಿತ್ತು.

ರೂಟರ್ ಬದಲಿಸಿದೆ, ಆಗಲಿಲ್ಲ. 90 ದಿನದ ಪ್ಲಾನ್ ಹಾಕಿದೆ, ಸುಮ್ನೆ ದುಡ್ಡು ಹೋಯಿತು. ಕ್ಲೌಡ್‌ಗೆ ಹೋಗದೇ ಇದ್ದದ್ದು ಎಷ್ಟು ದಿನ ಉಳಿದರೇನು, ಅಲ್ವಾ?

ಸಂಜೆ 7ಕ್ಕೆ ಅಪ್‌ಲೋಡ್ ವೇಗ ಅಳೆದೆ: 5 ಎಂಬಿಪಿಎಸ್. ಒಂದು ಕ್ಯಾಮೆರಾಕ್ಕೆ 2ರಂತೆ ಬೇಕಿದ್ದದ್ದು 8. ದಿನಕ್ಕೆ ಸುಮಾರು 86 ಜಿಬಿ, ಹಾಗಾಗಿ ಡಿಸ್ಕ್ ಕೂಡ 11 ದಿನಕ್ಕೇ ತುಂಬುತ್ತಿತ್ತು.

ಸೆಟ್ಟಿಂಗ್‌ನಲ್ಲಿ ಡಿಸ್ಕ್‌ಗೆ ಸ್ಪಷ್ಟ ಚಿತ್ರದ `Main Stream` ಹಾಗೇ ಬಿಟ್ಟೆ. ಅದೇ ದೃಶ್ಯದ ಹಗುರ ಪ್ರತಿಯಾದ `Sub Stream`ನಲ್ಲಿ `Bitrate Type` ಅನ್ನು ಏರಿಳಿಯದೆ ಒಂದೇ ವೇಗದಲ್ಲಿ ಹೋಗುವ `CBR` ಮಾಡಿ, 512 ಕೆಬಿಪಿಎಸ್ ಇಟ್ಟೆ. ಆಮೇಲೆಯೇ ಕ್ಲೌಡ್‌ಗೆ `Sub Stream` ಆರಿಸಿದೆ. ಈಗ ನಾಲ್ಕಕ್ಕೂ ಸೇರಿ 2 ಎಂಬಿಪಿಎಸ್, ಉಳಿದದ್ದು ಬಿಲ್ಲಿಂಗ್‌ಗೆ. ಕ್ಲೌಡ್‌ಗೆ 30 ದಿನಕ್ಕೆ ಸುಮಾರು 650 ಜಿಬಿ ಜಾಗ ಬೇಕು.

ಮರುದಿನ ಸಂಜೆ 7ರ ರೆಕಾರ್ಡಿಂಗನ್ನೇ ತೆರೆದು ನೋಡಿದೆ, ಖಾಲಿ ಇರಲಿಲ್ಲ. ಆದರೆ ಕ್ಲೌಡ್‌ನಲ್ಲಿ ದೂರದ ಮುಖ ಮಸುಕು. ಏನಾದರೂ ನಡೆದರೆ 11 ದಿನದೊಳಗೆ ಡಿಸ್ಕ್‌ನಿಂದ ಪೆನ್‌ಡ್ರೈವ್‌ಗೆ ತೆಗೆದಿಡುತ್ತೇನೆ.