66 ಮತ್ತು 70ರ ನಡುವೆ: ಮೂರನೇ ಮೌಲ್ಯಮಾಪನದ ನನ್ನ ಅನುಭವ

ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಎಂ.ಎ. ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್‌ನಲ್ಲಿ ನಮ್ಮ ಮಕ್ಕಳು ಒಂದು ಪ್ರಬಂಧ ಬರೆಯಬೇಕು. ಅದಕ್ಕೆ 100 ಅಂಕ. ಗೈಡ್ ಒಂದು ಸಲ ನೋಡಿ ಅಂಕ ಕೊಡುತ್ತಾರೆ, ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಇನ್ನೊಂದು ಸಲ. ಎರಡರ ಸರಾಸರಿಯೇ ಅಂತಿಮ ಅಂಕ. ಇಬ್ಬರ ನಡುವೆ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಪ್ರಬಂಧ ಮೂರನೆಯವರ ಕೈಗೆ ಹೋಗುತ್ತದೆ. ಅವರು ಕೊಟ್ಟ ಅಂಕಕ್ಕೆ ಮೊದಲ ಎರಡರಲ್ಲಿ ಯಾವುದು ಹತ್ತಿರವೋ ಅದನ್ನು ಸೇರಿಸಿ ಸರಾಸರಿ ತೆಗೆಯುತ್ತಾರೆ. ದೂರದ ಅಂಕ ಬಿಟ್ಟುಹೋಗುತ್ತದೆ. ಇದು ನಮ್ಮಲ್ಲಿನ ನಿಯಮ. ಬೇರೆ ಕಡೆ ಮಿತಿಯೂ ಲೆಕ್ಕವೂ ಬೇರೆ ಇರಬಹುದು.

ಈ ನಿಯಮ ವರ್ಷಗಟ್ಟಲೆ ನನ್ನ ಕಣ್ಣಮುಂದೆಯೇ ಇತ್ತು. ಆದರೆ ಅದರೊಳಗೆ ಏನಿದೆ ಅಂತ ನನಗೆ ಗೊತ್ತಾಗಿದ್ದು ನನ್ನದೇ ಒಬ್ಬ ವಿದ್ಯಾರ್ಥಿನಿಯ ಪ್ರಬಂಧ ಮೂರನೆಯವರ ಬಳಿ ಹೋದಾಗ.

ಅವಳು ತೀರ್ಥಹಳ್ಳಿ ಕಡೆಯ ಹುಡುಗಿ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಸಣ್ಣ ಬೆಳೆಗಾರರಿಗೆ ಎಷ್ಟು ಖರ್ಚು ಬೀಳುತ್ತದೆ ಅನ್ನುವುದು ಅವಳ ವಿಷಯ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಾಲಿನ ಖರ್ಚು ಲೆಕ್ಕ ಹಾಕುವುದು ಸುಲಭ. ಕಷ್ಟ ಇರುವುದು ಕೂಲಿಯಲ್ಲಿ. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಅದೇ ಒಬ್ಬ ಕೊನೆಗಾರ ಊರಿನ ಎಲ್ಲರಿಗೂ ಬೇಕು. ಅವನು ಬರುವುದು ಒಂದು ವಾರ ತಡವಾದರೆ ಆಗುವ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಅವಳು ಆ ಪ್ರಶ್ನೆಯನ್ನು ಚೆನ್ನಾಗಿ ಹಿಡಿದಿದ್ದಳು. ಜುಲೈ ಮಳೆಯಲ್ಲಿ ಮನೆ ಮನೆಗೆ ನಡೆದು ಮಾಹಿತಿ ತಂದಿದ್ದಳು. ಅವಳ ನೋಟ್‌ಬುಕ್ಕಿನ ಹಾಳೆಗಳು ನೀರು ತಾಗಿ ಉಬ್ಬಿಹೋಗಿದ್ದವು. ನಾನೇ ಕೂತು ಒಂದೊಂದು ಹಾಳೆ ಬಿಡಿಸಿ ನೋಡಿದ್ದೆ.

ನಾನು 82 ಕೊಟ್ಟೆ. ಎಕ್ಸ್‌ಟರ್ನಲ್ 54 ಕೊಟ್ಟರು. ವ್ಯತ್ಯಾಸ 28.

ಸುಮ್ನೆ ಸರಾಸರಿ ಮಾಡಿದ್ದರೆ 68 ಬರುತ್ತಿತ್ತು. ಮಿತಿ ದಾಟಿದ್ದರಿಂದ ಮೂರನೆಯವರಿಗೆ ಹೋಯಿತು. ಅವರು 66 ಕೊಟ್ಟರು. ಕೇಳಿದಾಗ ನನಗೆ ಸಮಾಧಾನವೇ ಆಯಿತು, ಹೆಚ್ಚುಕಡಿಮೆ ಮಧ್ಯಕ್ಕೇ ಬಂತಲ್ಲ ಅಂತ. ಆದರೆ ಫಲಿತಾಂಶದಲ್ಲಿ ಬಂದದ್ದು 60. ಯಾಕೆಂದರೆ 66ರಿಂದ 54 ದೂರ ಇರುವುದು 12. ನನ್ನ 82 ದೂರ ಇರುವುದು 16. ಹತ್ತಿರದ್ದು 54. 66ಕ್ಕೆ 54 ಸೇರಿಸಿ ಅರ್ಧ ಮಾಡಿದರೆ 60.

ಆ ರಾತ್ರಿ ಒಂದು ಹಾಳೆ ತಗೊಂಡು ಬೇರೆ ಬೇರೆ ಅಂಕ ಹಾಕಿ ನೋಡಿದೆ. ಮೂರನೆಯವರು 66ರ ಬದಲು 70 ಕೊಟ್ಟಿದ್ದರೆ? ಆಗ 82 ಹತ್ತಿರವಾಗುತ್ತಿತ್ತು. 70ಕ್ಕೆ 82 ಸೇರಿ ಸರಾಸರಿ 76. ಮೂರನೆಯವರ ಕೈಯಲ್ಲಿ ನಾಲ್ಕು ಅಂಕ ಆಚೀಚೆಯಾದರೆ ಹುಡುಗಿಯ ಅಂಕದಲ್ಲಿ 16 ಆಚೀಚೆ. ಇನ್ನೂ ಹತ್ತಿರ ಹೋಗಿ ನೋಡಿದೆ. 67 ಕೊಟ್ಟಿದ್ದರೆ 60.5, ಅಂದರೆ 61. 69 ಕೊಟ್ಟಿದ್ದರೆ 75.5, ಅಂದರೆ 76. ನಟ್ಟನಡುವಿನ 68ಕ್ಕೆ ಏನು ಮಾಡಬೇಕು ಅಂತ ನಿಯಮದಲ್ಲಿ ಆಗ ಒಂದು ಸಾಲೂ ಇರಲಿಲ್ಲ.

ಒಂದು ಪ್ರಬಂಧ ಓದಿ 67 ಅಥವಾ 69 ಅಂತ ಖಚಿತವಾಗಿ ಹೇಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಬೆಳಿಗ್ಗೆ ಓದಿದರೆ 67 ಕೊಟ್ಟವರು ಸಂಜೆ ಓದಿದರೆ 69 ಕೊಡಬಹುದು. ಸಾಮಾನ್ಯ ಸರಾಸರಿಯಲ್ಲಿ ಈ ಎರಡು ಅಂಕದ ತೂಗಾಟ ಒಂದೇ ಅಂಕಕ್ಕೆ ಇಳಿಯುತ್ತದೆ. 'ಹತ್ತಿರದ್ದನ್ನು ತಗೋ' ಅನ್ನುವ ಲೆಕ್ಕದಲ್ಲಿ ಮಧ್ಯದ ಹತ್ತಿರ ಅದೇ ತೂಗಾಟ 15 ಆಗುತ್ತದೆ. ಮೂರನೆಯವರು ಒಂದು ತುದಿಯ ಹತ್ತಿರ ನಿಂತರೆ, ಉದಾಹರಣೆಗೆ 57 ಅಥವಾ 80 ಕೊಟ್ಟರೆ, ಈ ನಿಯಮ ಒಳ್ಳೆಯದೇ. ಇಬ್ಬರು ಒಪ್ಪಿದ್ದಾರೆ, ಒಬ್ಬರು ದಾರಿ ತಪ್ಪಿದ್ದಾರೆ ಅಂತ ಧೈರ್ಯವಾಗಿ ಹೇಳಬಹುದು. ಅವರು ಮಧ್ಯದಲ್ಲಿ ನಿಂತಾಗ ಮಾತ್ರ ತೊಂದರೆ. ಆಗ ಯಾರೂ ಯಾರನ್ನೂ ಒಪ್ಪಿರುವುದಿಲ್ಲ. ಆದರೂ ನಿಯಮ ಒಬ್ಬರನ್ನು ಎತ್ತಿ ಹೊರಗಿಡುತ್ತದೆ.

ಫಲಿತಾಂಶ ಬಂದ ಮೇಲೆ ಹುಡುಗಿ ವಿಭಾಗದ ಜಗುಲಿಯಲ್ಲಿ ಸಿಕ್ಕಳು. "ಮೇಡಂ, ನೀವು ಎಷ್ಟು ಕೊಟ್ಟಿದ್ರಿ?" ಅಂತ ಮೆಲ್ಲಗೆ ಕೇಳಿದಳು. ಹೇಳುವ ಹಾಗಿರಲಿಲ್ಲ. "ಅದನ್ನ ಹೇಳೋ ಹಾಗಿಲ್ಲ ಮರಿ" ಅಂದೆ. ಅವಳು ತಲೆ ಆಡಿಸಿ ಹೋದಳು. ನನಗೆ ಇವತ್ತಿಗೂ ಅದು ಹೋಗಿಲ್ಲ.

ಮುಂದಿನ ವರ್ಷ ಪ್ರಬಂಧಗಳ ಮೌಲ್ಯಮಾಪನ ನೋಡಿಕೊಳ್ಳುವ ಜವಾಬ್ದಾರಿ ನನಗೇ ಬಂತು. ಹಳೆಯ ಅಂಕಪಟ್ಟಿಗಳು ಕೈಗೆ ಸಿಕ್ಕವು. ಅವುಗಳಲ್ಲಿ ಐದು ಕಾಲಂ ಇರುತ್ತವೆ: ವಿಷಯ ಮತ್ತು ಹಿಂದಿನ ಅಧ್ಯಯನ 20, ಮಾಹಿತಿ ಸಂಗ್ರಹ 25, ವಿಶ್ಲೇಷಣೆ 30, ಬರವಣಿಗೆ 15, ತೀರ್ಮಾನ 10. ನಾವೆಲ್ಲ ತುಂಬುತ್ತಿದ್ದೆವು. ಆದರೆ ಆಫೀಸಿನಲ್ಲಿ ನೋಡುತ್ತಿದ್ದದ್ದು ಕೆಳಗಿನ ಮೊತ್ತ ಒಂದನ್ನೇ. ನನ್ನ ಹಾಳೆ ಮತ್ತು ಎಕ್ಸ್‌ಟರ್ನಲ್ ಹಾಳೆಯನ್ನು ಪಕ್ಕಪಕ್ಕ ಇಟ್ಟೆ. ನಾಲ್ಕು ಕಾಲಂಗಳಲ್ಲಿ ಎರಡು, ಮೂರು, ಹೆಚ್ಚೆಂದರೆ ಐದು ಅಂಕದ ವ್ಯತ್ಯಾಸ. ಮಾಹಿತಿ ಸಂಗ್ರಹದಲ್ಲಿ ಮಾತ್ರ ನನ್ನದು 24, ಅವರದು 9. ಒಟ್ಟು 28ರಲ್ಲಿ 15 ಅಲ್ಲೇ ಇತ್ತು.

ಯಾಕೆ ಅಂತ ಅವರು ಓದಿದ ಪ್ರತಿ ತೆಗೆದು ನೋಡಿದೆ. ಮೂರನೇ ಅಧ್ಯಾಯದಲ್ಲಿ "60 ಬೆಳೆಗಾರರನ್ನು ಸಂದರ್ಶಿಸಲಾಯಿತು" ಅಂತ ಇದೆ. ನಾಲ್ಕನೇ ಅಧ್ಯಾಯದ ಪಟ್ಟಿಯ ಕೆಳಗಿನ ಮೊತ್ತ 52. ಎರಡೂ ಸಂಖ್ಯೆಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಆ ಎಂಟು ಜನ ಎಲ್ಲಿ ಹೋದರು ಅಂತ ನನಗೆ ಗೊತ್ತಿತ್ತು. ಅವರದು ಒಟ್ಟು ಕುಟುಂಬದ ತೋಟ, ಖರ್ಚನ್ನು ಪಾಲಿನ ಪ್ರಕಾರ ಬಿಡಿಸಲು ಆಗಿರಲಿಲ್ಲ. ಮತ್ತೆ ಹೋಗಿ ಕೇಳೋಣ ಅಂದರೆ ಹಳ್ಳದ ಸಂಕ ಮುಳುಗಿತ್ತು. ಇದೆಲ್ಲ ಅವಳ ನೋಟ್‌ಬುಕ್ಕಿನಲ್ಲಿತ್ತು. ಪ್ರಬಂಧದಲ್ಲಿ ಒಂದು ಸಾಲೂ ಇರಲಿಲ್ಲ. ವೈವಾದಲ್ಲಿ ಬಾಯಲ್ಲಿ ಹೇಳಿದ್ದಳು, ಆದರೆ ಅಷ್ಟರಲ್ಲಿ ಪ್ರಬಂಧದ ಅಂಕ ಲಕೋಟೆಯೊಳಗೆ ಹೋಗಿಯಾಗಿತ್ತು. ನಾನು ಕಣ್ಣಾರೆ ಕಂಡ ಕೆಲಸಕ್ಕೆ ಅಂಕ ಕೊಟ್ಟಿದ್ದೆ. ಅವರು ಅಚ್ಚಾದ ಪುಸ್ತಕಕ್ಕೆ ಕೊಟ್ಟಿದ್ದರು. ಅವರ 9 ಕಡಿಮೆಯಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ನನ್ನ 24 ಮಾತ್ರ ಖಂಡಿತ ತಪ್ಪು. ಓದುಗನಿಗೆ ಕಾಣದ್ದಕ್ಕೆ ನಾನು ಅಂಕ ಕೊಡಬಾರದಿತ್ತು.

ಅದಕ್ಕಿಂತ ನೋವಾದ ವಿಷಯ ಇನ್ನೊಂದಿದೆ. ನಮ್ಮಲ್ಲಿ ಮೂರು ಪ್ರತಿ ಕಟ್ಟಿಸಿ ಕೊಡುತ್ತಾರೆ: ಒಂದು ಲೈಬ್ರರಿಗೆ, ಒಂದು ಗೈಡ್‌ಗೆ, ಒಂದು ಎಕ್ಸ್‌ಟರ್ನಲ್‌ಗೆ. ಮೂರನೆಯವರಿಗೆ ಹೋದದ್ದು ಎಕ್ಸ್‌ಟರ್ನಲ್ ಓದಿದ ಅದೇ ಪ್ರತಿ. ಪೆನ್ಸಿಲ್ ಸುತ್ತುಗಳ ಸಮೇತ! ಅಂಕ ಗುಟ್ಟಾಗಿಯೇ ಇತ್ತು, ನಿಜ. ಆದರೆ ಆ ಪ್ರಶ್ನಾರ್ಥಕ ಚಿಹ್ನೆ ನೋಡಿದವರಿಗೆ ಮೊದಲಿನವರ ಮನಸ್ಸು ಗೊತ್ತಾಗದೇ ಇರುತ್ತದಾ? ಹೀಗೆ ಆದ ಮೇಲೆ ಆ 66 ಸ್ವತಂತ್ರವಾದ ಮೂರನೇ ಅಭಿಪ್ರಾಯ ಅಂತ ನಾನು ಹೇಗೆ ನಂಬಲಿ?

ಹಾಗಾಗಿ ನಾನು ಮೊದಲು ಬದಲಿಸಿದ್ದು ಇದನ್ನೇ. ಈಗ ನಾಲ್ಕು ಪ್ರತಿ ತಗೊಳ್ಳುತ್ತೇವೆ. ನಾಲ್ಕನೆಯದನ್ನು ಯಾರೂ ಮುಟ್ಟದೆ ಬೀರುವಿನಲ್ಲಿ ಇಡುತ್ತೇವೆ. ಮೂರನೆಯವರ ಅಗತ್ಯ ಬೀಳದಿದ್ದರೆ ಅದು ವಿದ್ಯಾರ್ಥಿಗೆ ವಾಪಸ್. ಗೈಡ್ ಸಹಿ ಮಾಡಿದ ಪ್ರಮಾಣಪತ್ರದ ಪುಟವನ್ನು ಆ ಪ್ರತಿಯಲ್ಲಿ ಹಾಕುವುದಿಲ್ಲ. ಮೂರನೆಯವರಿಗೆ ಖಾಲಿ ಅಂಕಪಟ್ಟಿ ಮಾತ್ರ ಹೋಗುತ್ತದೆ. ಹಿಂದಿನ ಎರಡು ಅಂಕವನ್ನಂತೂ ತಿಳಿಸುವುದಿಲ್ಲ, 'ಜಾಸ್ತಿ ವ್ಯತ್ಯಾಸ ಇದೆ ಸರ್' ಅಂತ ಫೋನಿನಲ್ಲಿ ಕೂಡ ಹೇಳುವುದಿಲ್ಲ. ಹಾಗೆ ಹೇಳಿದರೆ ಮನುಷ್ಯರು ಸಹಜವಾಗಿ ಮಧ್ಯಕ್ಕೆ ಹೋಗುತ್ತಾರೆ. ನಮ್ಮ ನಿಯಮದಲ್ಲಿ ಮಧ್ಯವೇ ಅತಿ ಅಪಾಯದ ಜಾಗ.

ಎರಡನೆಯದು, ಮೂರನೇ ಅಧ್ಯಾಯದ ಕೊನೆಗೆ ಒಂದು ಪುಟ ಕಡ್ಡಾಯ ಮಾಡಿದೆ. ಎಷ್ಟು ಜನರನ್ನು ಭೇಟಿ ಮಾಡಿದೆ, ಎಷ್ಟು ಜನರ ಮಾಹಿತಿ ಬಿಟ್ಟೆ, ಯಾಕೆ ಬಿಟ್ಟೆ, ಯಾವ ತಿಂಗಳಲ್ಲಿ ಹೋಗಿದ್ದೆ. ಅಷ್ಟೇ. ನಾನು ಗೈಡ್ ಆಗಿ ಕೂತಾಗ, ಕರಡು ಓದುತ್ತಾ 'ಇದು ನನಗೆ ಗೊತ್ತು' ಅಂತ ಅನ್ನಿಸಿದ ಕಡೆಯೆಲ್ಲ ನಿಲ್ಲುತ್ತೇನೆ. ನನಗೆ ಗೊತ್ತಿರುವುದು ಪುಟದ ಮೇಲೆ ಇದೆಯಾ ಅಂತ ಹುಡುಕುತ್ತೇನೆ. ಇಲ್ಲದಿದ್ದರೆ ಬರೆಸುತ್ತೇನೆ.

ಇನ್ನೊಂದು ತೊಂದರೆ ನಿಧಾನವಾಗಿ ಕಾಣಿಸಿತು. ಮೂರನೇ ಮೌಲ್ಯಮಾಪನ ಅಂದರೆ ತಮಗೆ ಅವಮಾನ ಅಂತ ಕೆಲವರು ತಿಳಿದಿದ್ದರು. ಅದನ್ನು ತಪ್ಪಿಸಲು ಗೈಡ್‌ಗಳು 80 ಕೊಡಬೇಕಾದ ಕಡೆ 74 ಕೊಡಲು ಶುರುಮಾಡಿದರು. ಇಬ್ಬರೂ ಚಹಾ ಕುಡಿಯುತ್ತಾ 'ನೀವು ಎಷ್ಟು ಹಾಕ್ತೀರಿ?' ಅಂತ ಕೇಳಿಕೊಳ್ಳುವುದೂ ಇತ್ತು. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. 75 ಮತ್ತು 55 ಅಂದರೆ ವ್ಯತ್ಯಾಸ ಸರಿಯಾಗಿ 20, ಮೂರನೆಯವರು ಬೇಕಿಲ್ಲ. 76 ಮತ್ತು 55 ಆದರೆ ಬೇಕು. ವ್ಯತ್ಯಾಸಗಳು 19, 20ರಲ್ಲೇ ಗುಂಪಾಗಿ ನಿಂತು, 21, 22 ಒಂದೂ ಇಲ್ಲದಿದ್ದರೆ ಯಾರೋ ಗೆರೆ ನೋಡಿಕೊಂಡು ಅಂಕ ಹಾಕಿದ್ದಾರೆ ಅಂತಲೇ ಅರ್ಥ. ಈಗ ಎಕ್ಸ್‌ಟರ್ನಲ್ ಊರಿಗೆ ಬರುವ ಹಿಂದಿನ ದಿನವೇ ಗೈಡ್‌ಗಳ ಲಕೋಟೆಗೆ ಅರಗು ಹಾಕಿಸಿ ಇಟ್ಟುಬಿಡುತ್ತೇನೆ. ವ್ಯತ್ಯಾಸ 20ರೊಳಗೇ ಇದ್ದರೂ ಯಾವುದಾದರೂ ಒಂದು ಕಾಲಂನಲ್ಲಿ 10ಕ್ಕಿಂತ ಜಾಸ್ತಿ ಅಂತರ ಕಂಡರೆ ಅದನ್ನು ಅಧ್ಯಕ್ಷರ ಗಮನಕ್ಕೆ ತರುತ್ತೇನೆ. ಅಂಕ ಬದಲಿಸುವ ಅಧಿಕಾರ ನನಗಿಲ್ಲ. ಆದರೆ ಪುಸ್ತಕದಲ್ಲಿ ಏನೋ ಒಂದು ಇಬ್ಬರಿಗೆ ಎರಡು ರೀತಿ ಕಂಡಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಲೆಕ್ಕದ ನಿಯಮ ಮಾತ್ರ ಇನ್ನೂ ಪೂರ್ತಿ ಬದಲಾಗಿಲ್ಲ. ಸರಿಯಾಗಿ ನಡುವೆ ಬಂದರೆ ಹೆಚ್ಚಿನ ಅಂಕವನ್ನೇ ಹತ್ತಿರದ್ದು ಅಂತ ಹಿಡಿಯಬೇಕು ಅನ್ನುವ ಸಾಲು ಸೇರಿದೆ. ಅದು ಸಾಲದು. ಈಗ 68 ಬಂದರೆ 75, 67 ಬಂದರೆ 61! ಮೂರು ಅಂಕಗಳಲ್ಲಿ ಮಧ್ಯದ್ದನ್ನೇ ಅಂತಿಮ ಅಂತ ತಗೊಳ್ಳಿ ಎಂದು ನಾನು ಬರೆದುಕೊಟ್ಟಿದ್ದೇನೆ. 82, 54, 66 ಇದ್ದರೆ 66. ಮೂರನೆಯವರು 70 ಕೊಟ್ಟಿದ್ದರೆ 70. ಅವರು 57 ಕೊಟ್ಟರೆ 57, 80 ಕೊಟ್ಟರೆ 80. ಎಲ್ಲೂ ಜಿಗಿತ ಇಲ್ಲ. ಮೂರರ ಸರಾಸರಿ ತೆಗೆಯೋಣ ಅಂತ ಒಬ್ಬ ಹಿರಿಯರು ಹೇಳಿದರು. ಅದರಲ್ಲೂ ಜಿಗಿತ ಇಲ್ಲ, ಆದರೆ ದಾರಿ ತಪ್ಪಿದ ಒಂದು ಅಂಕ ಅದರೊಳಗೆ ಹಾಗೇ ಉಳಿಯುತ್ತದೆ. 82, 54, 57 ಆದರೆ ಮೂರರ ಸರಾಸರಿ 64 ದಾಟುತ್ತದೆ, ಇಬ್ಬರು 60ರ ಕೆಳಗೆ ಅಂತ ಹೇಳಿದ ಮೇಲೂ.

ಆ ರಾತ್ರಿ ಬರೆದ ಹಾಳೆಯನ್ನೇ ನಕಲು ಮಾಡಿ ಅರ್ಜಿಯ ಜೊತೆ ಇಟ್ಟಿದ್ದೇನೆ. ಒಂದು ಕಡೆ 66, ಇನ್ನೊಂದು ಕಡೆ 70, ಕೆಳಗೆ 60 ಮತ್ತು 76. ಮುಂದಿನ ಅಧ್ಯಯನ ಮಂಡಳಿ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.