ಮೈಕ್ರೋಮೀಟರಿನ ಶೂನ್ಯ ದೋಷವನ್ನು ಮಿತಿಗಳಿಗೇ ಸೇರಿಸಿಕೊಳ್ಳಿ
ಮೈಕ್ರೋಮೀಟರಿನಲ್ಲಿ ಶೂನ್ಯ ದೋಷವಿದ್ದರೆ ಪ್ರತಿ ಅಳತೆಯನ್ನೂ ತಿದ್ದುವ ಬದಲು, ಡ್ರಾಯಿಂಗಿನ ಎರಡೂ ಮಿತಿಗಳಿಗೆ ಆ ದೋಷವನ್ನು ಒಮ್ಮೆಯೇ ಕೂಡಿಸಿ ಬರೆದಿಟ್ಟುಕೊಳ್ಳಿ. ದೋಷವು ಎಲ್ಲ ಅಳತೆಗಳಲ್ಲೂ ಒಂದೇ ಪ್ರಮಾಣದಲ್ಲಿ ಸೇರಿರುವುದರಿಂದ ಹೋಲಿಕೆ ಸರಿಯಾಗಿಯೇ ಇರುತ್ತದೆ, ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲವೂ ಪ್ರತಿಸಲ ಎದುರಾಗುವುದಿಲ್ಲ. ಶಾಫ್ಟಿನ ಮಿತಿ 19.95ರಿಂದ 19.98 ಮಿ.ಮೀ. ಇದ್ದು, ರ‍್ಯಾಚೆಟ್ ತಿರುಗಿಸಿ ಮುಚ್ಚಿದಾಗ ಥಿಂಬಲ್ಲಿನ 2ನೇ ಗೆರೆ ಸ್ಲೀವಿನ ಅಡ್ಡಗೆರೆಗೆ ಕೂಡಿದರೆ ದೋಷ +0.02, ಆಗ ನೋಡಬೇಕಾದ ಮಿತಿ 19.97ರಿಂದ 20.00. ಸ್ಲೀವಿನಲ್ಲಿ 19ರ ನಂತರದ ಅರ್ಧ ಮಿ.ಮೀ. ಗೆರೆ ಕಾಣುತ್ತಿದ್ದು ಥಿಂಬಲ್ 46 ತೋರಿಸಿದರೆ ಓದಿದ ಅಳತೆ 19.96, ಡ್ರಾಯಿಂಗಿಗೆ ಹೊಂದುವಂತೆ ಕಂಡರೂ ನಿಜವಾದ ಅಳತೆ 19.94 ಆದ್ದರಿಂದ ಅದು ತಿರಸ್ಕೃತ. ಮುಚ್ಚಿದಾಗ 48ನೇ ಗೆರೆ ಕೂಡಿದರೆ ದೋಷ −0.02, ಮಿತಿಗಳು ಕೆಳಗಿಳಿಯುತ್ತವೆ. ಅಳೆಯುವ ಮುಖಗಳು ಒಂದೆಡೆ ಸವೆದಿದ್ದರೆ ಈ ಕ್ರಮ ಕೈಕೊಡುತ್ತದೆ. ಅಳತೆ ಮಿತಿಯ ಅಂಚಿನಲ್ಲೇ ನಿಂತರೆ 0.001 ಮಿ.ಮೀ. ಓದುವ ಉಪಕರಣದಲ್ಲಿ ಮತ್ತೊಮ್ಮೆ ನೋಡಿಯೇ ತೀರ್ಮಾನಿಸಬೇಕು.