ಮೈನ್‌ಕ್ರಾಫ್ಟ್ ಆಡುವ ಮಕ್ಕಳಿಗೆ ಎರಡು ಸೆಟ್ಟಿಂಗ್
ಮನೆ, ಸೇತುವೆ, ಕೋಟೆ ಅಂತ ಏನಾದರೂ ಕಟ್ಟುತ್ತಲೇ ಇರುವ ಮಗುವಿಗೆ ಮೈನ್‌ಕ್ರಾಫ್ಟ್‌ನ Creative ಮೋಡ್ ಕೊಡಿ. ಅಲ್ಲಿ ಬ್ಲಾಕ್‌ಗಳು ಖಾಲಿಯಾಗುವುದೇ ಇಲ್ಲ. ಮೊಬೈಲ್ ಅಥವಾ ಟ್ಯಾಬ್‌ನಲ್ಲಿ ಹೊಸ ಲೋಕ ಮಾಡುವಾಗ Multiplayer Game ಆಫ್ ಮಾಡಿ. ಆ ಲೋಕದೊಳಗೆ ಬೇರೆ ಯಾರೂ ಬರಲಾಗುವುದಿಲ್ಲ.

ಆದರೆ ಇಷ್ಟೇ ಸಾಲದು. Servers ಪಟ್ಟಿಯಿಂದ ಮಗುವೇ ಅಪರಿಚಿತರ ಲೋಕಕ್ಕೆ ಹೋಗಿ ಚಾಟ್ ಮಾಡಬಹುದು, ಅಲ್ವಾ? ಅದಕ್ಕೆ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಮಗುವಿಗೇ ಬೇರೆ ಮೈಕ್ರೋಸಾಫ್ಟ್ ಖಾತೆ ಮಾಡಿ, ನಿಮ್ಮ ಫ್ಯಾಮಿಲಿ ಗುಂಪಿಗೆ ಸೇರಿಸಿ. ಮಗುವಿನ ಆ ಖಾತೆಯ ಎಕ್ಸ್‌ಬಾಕ್ಸ್ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮಲ್ಟಿಪ್ಲೇಯರ್, ಚಾಟ್ ಎರಡನ್ನೂ Block ಮಾಡಿ. ಸುಲಭ ಅಂತ ನಿಮ್ಮ ಖಾತೆಯಲ್ಲೇ ಆಡಲು ಬಿಟ್ಟರೆ ಈ ತಡೆ ಕೆಲಸ ಮಾಡುವುದಿಲ್ಲ. ಆಮೇಲೆ ಮಗುವಿನ ಖಾತೆಯಿಂದ ನೀವೇ ಒಂದು ಸರ್ವರ್ ಒತ್ತಿ ನೋಡಿ. ಒಳಗೆ ಬಿಟ್ಟುಕೊಳ್ಳದಿದ್ದರೆ ಸೆಟ್ಟಿಂಗ್ ಸರಿಯಾಗಿದೆ.